90 ದಿನದ ಸಾಲ, ಜೊತೆಗೆ ರಿಟರ್ನ್: ಮಾಲು ಕೊಡುವ ಮೊದಲು ಇದನ್ನು ಓದಿ

ಮಂಗಳೂರು, ಉಡುಪಿ ಎರಡೂ ಕಡೆ ಅಂಗಡಿ ಇರುವ ಒಂದು ಸೂಪರ್‌ಮಾರ್ಕೆಟ್‌ನವರು ನಮ್ಮ ಹಲಸಿನಕಾಯಿ ಚಿಪ್ಸ್ ಕೇಳಿದರು. 2000 ಪ್ಯಾಕೆಟ್, ಒಂದಕ್ಕೆ 60 ರೂಪಾಯಿ. ಒಟ್ಟು 1,20,000. ಮನೆಯಲ್ಲೇ ಕರಿದು ಮಾರುವ ನಮಗೆ ಇದು ದೊಡ್ಡ ಆರ್ಡರ್ ಮಾರಾಯ್ರೇ.

ಷರತ್ತು ಎರಡೇ. ಹಣ 90 ದಿನಕ್ಕೆ. ಮಾರಾಟವಾಗದ ಮಾಲು ವಾಪಸ್. ಚರ್ಚೆ ಮಾಡಿದೆ. 30 ದಿನ ಎಂದೆ, ಬೇಡ, 45 ಎಂದೆ. ಪರ್ಚೇಸ್ ಮ್ಯಾನೇಜರ್ ನಕ್ಕು, "ಸರ್, ಎಲ್ಲಾ ಸಪ್ಲಾಯರ್‌ಗಳಿಗೂ ಇದೇ. ಸಿಸ್ಟಮ್‌ನಲ್ಲೇ ಫಿಕ್ಸ್ ಆಗಿದೆ" ಎಂದ.

ಈಗ ಲೆಕ್ಕ ನೋಡಿ. ತೆಂಗಿನೆಣ್ಣೆಯಲ್ಲಿ ಕರಿದ ನಮ್ಮ ಚಿಪ್ಸ್‌ನ ಬಾಳಿಕೆ 3 ತಿಂಗಳು. ಸಾಲವೂ 3 ತಿಂಗಳು. ಅಂದರೆ ಹಣ ಕೊಡುವ ದಿನವೂ ಪ್ಯಾಕೆಟ್ ಹಾಳಾಗುವ ದಿನವೂ ಒಂದೇ! ಅವರಿಗೆ ಖರೀದಿಯೇ ಅಲ್ಲ ಅದು. ನನ್ನ ಮಾಲು, ನನ್ನ ದುಡ್ಡು, ಅವರದ್ದು ಕಪಾಟು ಮಾತ್ರ. ಜಿಎಸ್‌ಟಿ ಕೂಡ ಬಿಲ್ ಮಾಡಿದ ಮರು ತಿಂಗಳೇ ನನ್ನ ಕೈಯಿಂದ ಹೋಯಿತು, ಹಣ ಬರುವ ತನಕ ಅದು ಕಾಯುವುದಿಲ್ಲ.

ಹಣದ ದಿನ ಫೋನ್ ಮಾಡಿದರೆ, "ಸರ್, ನಿಮ್ಮ ರಿಟರ್ನ್ ರೆಡಿ ಇದೆ, ಕಲೆಕ್ಟ್ ಮಾಡ್ಕೊಳ್ಳಿ" ಅಂದರು. ಹಣ ಕೇಳಿದ್ರೆ ರಿಟರ್ನ್! 740 ಪ್ಯಾಕೆಟ್. ಅರ್ಧ ಪುಡಿಯಾಗಿತ್ತು, ಕೆಲವಕ್ಕೆ ಬಿಸಿಲು ತಾಗಿ ಎಣ್ಣೆ ಕೆಟ್ಟ ವಾಸನೆ. ನನಗೆ ಕೊಡಬೇಕಾದ ಹಣದಲ್ಲಿ 44,400 ಕಳೆದು ಡೆಬಿಟ್ ನೋಟ್ ಕೈಗಿತ್ತರು. ಅಂಗಡಿಯಲ್ಲಿ ಜನ ನೋಡ್ತಾ ಇದ್ದಾರೆ, ನಾನು ನನ್ನದೇ ಕೊಳೆತ ಚಿಪ್ಸ್ ರಿಕ್ಷಾಕ್ಕೆ ತುಂಬ್ತಾ ಇದ್ದೇನೆ. ನಾಚಿಕೆ ಆಯಿತು, ಸಿಟ್ಟು ಅದಕ್ಕಿಂತ ಜಾಸ್ತಿ.

"ಪುಡಿ ಮಾಡಿದವರು ನೀವಲ್ವಾ?" ಅಂತ ಕೇಳಿದೆ. "ಅಗ್ರಿಮೆಂಟ್‌ನಲ್ಲಿ ಹಾಗೆ ಬರೆದಿಲ್ಲ ಸರ್."

ಉಳಿದ 75,600? "ಅಕೌಂಟ್ಸ್‌ನವರು ನೋಡ್ತಾರೆ ಸರ್."

ನನಗೆ ಉದ್ಯಮ್ ನೋಂದಣಿ ಇದೆ. ನಮ್ಮಂಥ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದರೂ ಹಣ ಕೊಡಲು 45 ದಿನ ಮೀರುವಂತಿಲ್ಲ. ಬರಹದಲ್ಲಿ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಹೇಳಬೇಕು, ಇಲ್ಲದಿದ್ದರೆ ಮಾಲು ಒಪ್ಪಿಕೊಂಡಂತೆಯೇ. ಇದನ್ನು ಅವರಿಗೆ ಹೇಳಿದೆ. ಬಂದ ಉತ್ತರ: "ಕಾನೂನು ಮಾತಾಡುವವರ ಮಾಲು ನಮಗೆ ಬೇಡ ಸರ್."

ನೀವು ಕೊಡುವುದಾದರೆ ರಿಟರ್ನ್‌ಗೆ ಮಿತಿ ಬರೆಸಿಕೊಳ್ಳಿ. ಬಾಳಿಕೆ ಒಂದು ತಿಂಗಳಾದರೂ ಉಳಿದಿರಬೇಕು, ಪ್ಯಾಕೆಟ್ ಒಡೆದಿರಬಾರದು, ಒಟ್ಟು ಮಾಲಿನ ಶೇಕಡಾ 5 ದಾಟಬಾರದು. ಮೊದಲು 200 ಪ್ಯಾಕೆಟ್ ಕೊಟ್ಟು ಅದರ ಹಣ ಬಂದ ಮೇಲೆ ಮುಂದಿನದ್ದು. ಇದಕ್ಕೆ ಒಪ್ಪದಿದ್ದರೆ ಸುಮ್ನೆ ಎದ್ದು ಬನ್ನಿ.

75,600 ಇನ್ನೂ ಬಂದಿಲ್ಲ. ಇಂಥ ಬಾಕಿ ಹಣದ ದೂರು ಕೇಳುವ ಎಂಎಸ್‌ಎಂಇ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಹಾಕಿದ್ದೇನೆ. ನಿನ್ನೆ ಆ ಮ್ಯಾನೇಜರ್‌ನದ್ದೇ ಮೆಸೇಜ್ ಬಂತು, ಹಬ್ಬಕ್ಕೆ 3000 ಪ್ಯಾಕೆಟ್ ಬೇಕಂತೆ. ಟರ್ಮ್ಸ್ ಸೇಮ್.