ಹಾಲು ಹೆಚ್ಚಾಗ್ಲಿ ಅಂತ ಮೆಂತ್ಯ ಕ್ಯಾಪ್ಸೂಲ್ ಶುರು ಮಾಡೋ ಮುಂಚೆ ಮಗೂನ ತೂಕ ನೋಡಿಸಿ

ಎಳೆ ಮಗು ಇರೋರು, ಇನ್ನೇನು ಡೆಲಿವರಿ ಆಗೋರು, ದಯವಿಟ್ಟು ಇದನ್ನ ಪೂರ್ತಿ ಓದಿ. ನನ್ನ ತಂಗಿಗೆ, ಅವಳ ಮಗೂಗೆ ಆಗಿದ್ದನ್ನ ಬರೀತಿದೀನಿ. ಮಗು ಈಗ ಚೆನ್ನಾಗಿದೆ, ಆದ್ರೆ ಆಸ್ಪತ್ರೆಲಿ ಕಳೆದ ಆ ದಿನಗಳು ಬೇರೆ ಯಾರಿಗೂ ಬರೋದು ಬೇಡ.

ಮಗು ತಿಂಗಳು ತುಂಬಿ ಹುಟ್ಟಿದ್ದು, 3.1 ಕೆಜಿ. ಡಿಸ್ಚಾರ್ಜ್ ಆಗೋವಾಗ 2.9 ಇತ್ತು, ಹುಟ್ಟಿದ ಮೊದಲ ದಿನಗಳಲ್ಲಿ ಅಷ್ಟು ಇಳಿಯೋದು ಮಾಮೂಲು. ಒಂದು ವಾರ ಕಳೆದ್ಮೇಲೆ ತಂಗಿಗೆ ಎದೆ ಮೆತ್ತಗಾದ ಹಾಗನ್ಸೋಕೆ ಶುರುವಾಯ್ತು, ಮಗು ಯಾವಾಗ್ಲೂ ಎದೆಗೇ ಅಂಟ್ಕೊಂಡಿರ್ತಿತ್ತು, ಸಂಜೆಯಾದ್ರೆ ಅಳು, ಸರಿ ಹಾಲು ಕಮ್ಮಿ ಆಗಿದೆ ಅಂತ ಬಾಣಂತಿಯರಿಗೆ ಸಲಹೆ ಕೊಡೋ ಒಬ್ರನ್ನ ಕೇಳಿದ್ಲು. ಅವ್ರು ಮಗೂನ ತೂಕ ಕೇಳ್ಲಿಲ್ಲ, ಹಾಲು ಕುಡಿಸೋದನ್ನ ಒಂದ್ಸಲನೂ ಕಣ್ಣಾರೆ ನೋಡ್ಲಿಲ್ಲ, ನೇರವಾಗಿ 610 ಮಿಲಿಗ್ರಾಂನ ಮೆಂತ್ಯ ಕ್ಯಾಪ್ಸೂಲ್ ಹೊತ್ತಿಗೆ ಮೂರರಂತೆ ದಿನಕ್ಕೆ ಮೂರು ಹೊತ್ತು ತಗೋ ಅಂದ್ರು. ಅಂದ್ರೆ ದಿನಕ್ಕೆ ಸುಮಾರು ಐದೂವರೆ ಗ್ರಾಂ ಮೆಂತ್ಯ, ಅದೂ ಪ್ರತಿದಿನ. ಅಡುಗೆಗೆ ಹಾಕೋ ಮೆಂತ್ಯದ ಲೆಕ್ಕ ಬೇರೆ, ಇದು ಬೇರೆ. ಜೊತೆಗೆ ಸೋಂಪು, ಅತಿಮಧುರ ಎಲ್ಲ ಬೆರೆಸಿದ ಒಂದು ಟೀ ಪುಡಿ, ಎಷ್ಟು ಬೇಕಾದ್ರೂ ಕುಡಿ, ಗಿಡಮೂಲಿಕೆ ತಾನೇ ಅಂತ.

ಎರಡು ಮೂರು ದಿನದಲ್ಲೇ ಅವಳ ಬೆವರಲ್ಲಿ, ಮೂತ್ರದಲ್ಲಿ ಸಕ್ಕರೆ ಪಾಕ ಸೀದು ಹೋದ ಹಾಗೆ ಸಿಹಿ ವಾಸನೆ. ಸಲಹೆ ಕೊಟ್ಟೋರು "ವಾಸನೆ ಬಂತು ಅಂದ್ರೆ ಕೆಲ್ಸ ಮಾಡ್ತಿದೆ ಅಂತ ಅರ್ಥ" ಅಂದ್ರು. ಈ ಮಾತನ್ನ ತುಂಬಾ ಜನ ಹೇಳ್ತಾರೆ, ಇದನ್ನ ನಂಬ್ಬೇಡಿ. ಮೆಂತ್ಯದಲ್ಲಿ ಸೋಟೊಲೋನ್ ಅನ್ನೋ ಒಂದು ವಸ್ತು ಇದೆ, ಆ ವಾಸನೆ ಅದರದ್ದು. ಅದು ಮೈಯಿಂದ ಹೊರಗೆ ಹೋಗ್ತಿದೆ ಅಂತಷ್ಟೇ ವಾಸನೆ ಹೇಳುತ್ತೆ, ಎದೇಲಿ ಹಾಲು ಹೆಚ್ಚಾಯ್ತಾ ಇಲ್ವಾ ಅನ್ನೋದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಆಮೇಲೆ ತಂಗಿಗೆ ಹೊಟ್ಟೆ ಉಬ್ಬರ, ಲೂಸ್ ಮೋಷನ್. ಮಗೂಗೂ ಗ್ಯಾಸು, ಹಸಿರು ಬಣ್ಣದ ನೀರಾದ ಮಲ, ಕಾಲು ಮಡಚ್ಕೊಂಡು ಅಳೋದು. ಮೆಂತ್ಯ ಜಾಸ್ತಿ ತಗೊಂಡ್ರೆ ಹೀಗಾಗೋದು ಹೊಸದೇನಲ್ಲ, ತಾಯಿಗೂ ಆಗ್ಬಹುದು ಮಗೂಗೂ ಆಗ್ಬಹುದು. ಆದ್ರೆ ಫೋನ್ ಮಾಡಿ ಕೇಳಿದ್ರೆ ಡೋಸ್ ಕಮ್ಮಿ ಮಾಡಿ ಅನ್ನೋ ಬದ್ಲು ಮೈ ಒಗ್ಗೋವರೆಗೂ ಮುಂದುವರ್ಸು ಅಂದ್ರು. ಅಷ್ಟ್ರಲ್ಲಿ ಮಗು ಅಳೋದೇ ಕಮ್ಮಿಯಾಗಿ ಜಾಸ್ತಿ ನಿದ್ದೆ ಮಾಡೋಕೆ ಶುರು ಮಾಡ್ತು, ಎದೆಗೆ ಹಾಕಿದ ತಕ್ಷಣ ಕಣ್ಣು ಮುಚ್ಚೋದು, ದಿನಕ್ಕೆ ಮೂರ್ನಾಲ್ಕು ಡಯಾಪರ್ ಮಾತ್ರ ಒದ್ದೆ. ಐದು ದಿನ ದಾಟಿದ ಮಗೂಗೆ ದಿನಕ್ಕೆ ಆರಾದ್ರೂ ಚೆನ್ನಾಗಿ ಒದ್ದೆಯಾದ ಡಯಾಪರ್ ಇರ್ಬೇಕು. ಹಾಲು ಸಾಲದ ಮಗು ಯಾವಾಗ್ಲೂ ಅಳ್ತಾನೇ ಇರುತ್ತೆ ಅಂದ್ಕೊಳ್ಬೇಡಿ, ಶಕ್ತಿ ಇಲ್ದೆ ಸುಮ್ನೆ ಮಲಗ್ಬಿಡುತ್ತೆ, ನೋಡೋರಿಗೆ ಮಗು ಶಾಂತ ಆಯ್ತು ಅನ್ಸುತ್ತೆ.

ನಾನು ಹೋಗಿ ನೋಡಿದವಳು ಮಗೂನ ಎತ್ಕೊಂಡು ಅವಳನ್ನ ಕರ್ಕೊಂಡು ನೇರವಾಗಿ ಆಸ್ಪತ್ರೆಗೆ ಹೋದೆ. ಆಗ ಮಗೂಗೆ ಮೂರು ವಾರ ತುಂಬ್ತಾ ಇತ್ತು, ತೂಕ 2.95 ಕೆಜಿ. ಹುಟ್ಟಿದಾಗಿನ ತೂಕ ಹತ್ತರಿಂದ ಹದಿನಾಲ್ಕು ದಿನದೊಳಗೆ ವಾಪಸ್ ಬಂದು, ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರ್ತಾ ಹೋಗ್ಬೇಕು, ಆ ಲೆಕ್ಕದಲ್ಲಿ 3.2 ಕೆಜಿ ಮೇಲಿರ್ಬೇಕಿದ್ದ ಮಗು ಹುಟ್ಟಿದಾಗಿನ ತೂಕಾನೂ ಮುಟ್ಟಿರ್ಲಿಲ್ಲ.

ಡಾಕ್ಟರ್ ಡಯಾಪರ್ ಬಿಚ್ಚಿದ್ರು, ಮಗೂನ ಮೂತ್ರದಲ್ಲೂ ಅದೇ ಸಿಹಿ ವಾಸನೆ. ಅವ್ರ ಮುಖ ಬದಲಾಗಿದ್ದನ್ನ ನಾನೇ ನೋಡಿದೆ. ಮೇಪಲ್ ಸಿರಪ್ ಯೂರಿನ್ ಡಿಸೀಸ್ ಅಂತ ಒಂದು ಹುಟ್ಟು ಕಾಯಿಲೆ ಇದೆ, ಪ್ರೋಟೀನ್‌ನಲ್ಲಿರೋ ಲ್ಯೂಸಿನ್ ಥರದ ಕೆಲವು ಅಮೈನೋ ಆಮ್ಲಗಳನ್ನ ಮೈ ಅರಗಿಸ್ಕೊಳ್ಳೋಕಾಗದೆ ಅವು ರಕ್ತದಲ್ಲಿ ಸೇರ್ತಾ ಹೋಗಿ ಮಿದುಳಿಗೇ ಪೆಟ್ಟು ಬೀಳುತ್ತೆ. ಅದ್ರ ಲಕ್ಷಣ ಏನು ಗೊತ್ತಾ, ಮಗು ಮಂಕಾಗೋದು, ಹಾಲು ಸರಿಯಾಗಿ ಕುಡೀದೇ ಇರೋದು, ಮೂತ್ರದಲ್ಲಿ ಇದೇ ಸಿಹಿ ವಾಸನೆ. ವಾಸನೆಗೆ ಕಾರಣ ಎರಡು ಕಡೆನೂ ಅದೇ ಸೋಟೊಲೋನ್. ಮೂಗಿಗೆ ವ್ಯತ್ಯಾಸ ಗೊತ್ತಾಗೋಲ್ಲ, ರಕ್ತದ ಅಮೈನೋ ಆಮ್ಲ ಟೆಸ್ಟ್ ಮಾಡ್ಲೇಬೇಕು. ತಕ್ಷಣ ಅಡ್ಮಿಟ್, ಅಷ್ಟು ಚಿಕ್ಕ ಕೈಗೆ ಡ್ರಿಪ್ಪು, ರಿಪೋರ್ಟ್ ಬರೋವರೆಗೂ ತಂಗಿ ಊಟ ಬಿಟ್ಟು ಕೂತಿದ್ಲು.

"ಯಾವ್ದಾದ್ರೂ ಔಷಧಿ ತಗೊಳ್ತಿದೀರಾ" ಅಂತ ಮೊದ್ಲೇ ಕೇಳಿದ್ರು, ಅವಳು ಇಲ್ಲ ಅಂದಿದ್ಲು, ಯಾಕಂದ್ರೆ ಅದು ಔಷಧಿ ಅಲ್ಲ ಅಂತಾನೇ ಅವಳಿಗೆ ಹೇಳಿ ಕೊಟ್ಟಿದ್ದು. ಆಮೇಲೆ ಒಬ್ರು ನರ್ಸ್ "ಹಾಲು ಹೆಚ್ಚಾಗೋಕೆ ಮೆಂತ್ಯ ಏನಾದ್ರೂ ತಗೊಳ್ತಿದೀಯೇನಮ್ಮ" ಅಂತ ಬಿಡಿಸಿ ಕೇಳಿದಾಗ ವಿಷಯ ಹೊರಗೆ ಬಂತು. ಆದ್ರೂ ಡಾಕ್ಟರ್ ಟೆಸ್ಟ್ ಬಿಡ್ಲಿಲ್ಲ, ಅದು ಸರಿನೇ. ಮೆಂತ್ಯ ತಗೊಳ್ತಿದೀನಿ, ವಾಸನೆ ಅದರದ್ದೇ ಅಂತ ಮನೇಲಿ ನೀವೇ ತೀರ್ಮಾನ ಮಾಡೋಕೆ ಹೋಗ್ಬೇಡಿ, ಮಗು ಮಂಕಾಗಿದ್ರೆ ತೋರಿಸ್ಲೇಬೇಕು. ನಮ್ಮ ಪುಣ್ಯ, ರಿಪೋರ್ಟ್ ನಾರ್ಮಲ್ ಬಂತು.

ಹಾಗಾದ್ರೆ ತೂಕ ಯಾಕೆ ಏರ್ಲಿಲ್ಲ? ಆಸ್ಪತ್ರೆಯ ಸ್ತನ್ಯಪಾನ ಸಲಹೆಗಾರರು ಮಗೂನ ಅದೇ ಬಟ್ಟೆ ಅದೇ ಡಯಾಪರ್‌ನಲ್ಲಿ ಹಾಲು ಕುಡಿಸೋ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ತೂಗಿದ್ರು. ಮುಕ್ಕಾಲು ಗಂಟೆ ಎದೇಲಿದ್ರೂ ಏರಿದ್ದು ಬರೀ 18 ಗ್ರಾಂ, ಅಂದ್ರೆ ಹೊಟ್ಟೆಗೆ ಹೋಗಿದ್ದು ಹೆಚ್ಚುಕಮ್ಮಿ 18 ಎಂಎಲ್. ಆ ವಯಸ್ಸಿನ ಮಗು ಒಂದ್ಸಲಕ್ಕೆ 60 ಎಂಎಲ್ ಆದ್ರೂ ಕುಡೀಬೇಕು. ತೊಂದ್ರೆ ಇದ್ದಿದ್ದು ಲ್ಯಾಚ್‌ನಲ್ಲಿ, ಅಂದ್ರೆ ಮಗು ಬಾಯಲ್ಲಿ ಎದೆ ಹಿಡಿಯೋ ರೀತೀಲಿ. ಮಗು ತೊಟ್ಟಿನ ತುದಿ ಮಾತ್ರ ಹಿಡಿತಿತ್ತು, ಚೀಪೋವಾಗ ಕೆನ್ನೆ ಒಳಗೆ ಹೋಗೋದು, ಟಕ್ ಟಕ್ ಸದ್ದು, ಬಾಯಿ ಬಿಟ್ಟಾಗ ತೊಟ್ಟು ಓರೆಯಾಗಿ ಚಪ್ಪಟೆಯಾಗಿರೋದು, ನುಂಗೋ ಸದ್ದೇ ಕೇಳ್ತಿರ್ಲಿಲ್ಲ. ಇದನ್ನೆಲ್ಲ ಮೊದ್ಲೇ ಯಾರಾದ್ರೂ ಪಕ್ಕದಲ್ಲಿ ಕೂತು ನೋಡಿದ್ರೆ ಹತ್ತೇ ನಿಮಿಷದಲ್ಲಿ ಗೊತ್ತಾಗ್ತಿತ್ತು.

ಎದೆಹಾಲು ಎಷ್ಟು ಖಾಲಿ ಆಗುತ್ತೋ ಅಷ್ಟು ತಯಾರಾಗುತ್ತೆ. ಹಾಲು ಎದೇಲೇ ಉಳಿದ್ರೆ ಇನ್ನು ಸಾಕು ಅಂತ ಮೈ ತಯಾರಿ ಕಮ್ಮಿ ಮಾಡುತ್ತೆ. ಮಗು ಎಳೀದೇ ಇರೋವಾಗ ತಾಯಿ ಎಷ್ಟು ಕ್ಯಾಪ್ಸೂಲ್ ನುಂಗಿದ್ರೂ ಆ ಕೊರತೆ ತುಂಬೋಲ್ಲ, ನಮ್ಮ ಮನೇಲಿ ಆಗಿದ್ದು ಇದೇ, ಕ್ಯಾಪ್ಸೂಲ್ ಇದೆಯಲ್ಲ ಅನ್ನೋ ಧೈರ್ಯದಲ್ಲಿ ಮಗು ಎರಡು ವಾರ ಹಸಿದಿತ್ತು.

ಕ್ಯಾಪ್ಸೂಲು, ಟೀ ಎರಡೂ ಅವತ್ತೇ ನಿಲ್ಲಿಸಿದ್ರು. ಮಗೂನ ಬಾಯಿ ಅಗಲವಾಗಿ ತೆರೆದಾಗ ಗದ್ದ ಮೊದ್ಲು ಎದೆಗೆ ತಾಗೋ ಹಾಗೆ, ಕೆಳತುಟಿ ಹೊರಗೆ ಮಡಚೋ ಹಾಗೆ, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಡೆ ಜಾಸ್ತಿ ಬಾಯೊಳಗೆ ಹೋಗೋ ಹಾಗೆ ಹಿಡಿಸೋದನ್ನ ಕಲಿಸಿದ್ರು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸೋದು, ಪ್ರತಿ ಸಲ ಆದ್ಮೇಲೆ ಹತ್ತು ಹದಿನೈದು ನಿಮಿಷ ಪಂಪ್ ಮಾಡಿ ಬಂದ ಹಾಲನ್ನ ಕಪ್‌ನಲ್ಲಿ ಕೊಡೋದು, ಸಾಲದೇ ಇದ್ದಾಗ ಡಾಕ್ಟರ್ ಹೇಳಿದಷ್ಟು ಫಾರ್ಮುಲಾ. ವಾಸನೆ, ಲೂಸ್ ಮೋಷನ್ ಎರಡೂ ಬೇಗ ಹೋದ್ವು. ಮುಂದಿನ ವಾರದ ತೂಕಕ್ಕೆ ಮಗು 200 ಗ್ರಾಂ ಮೇಲೆ ಏರಿತ್ತು, ಕ್ರಮೇಣ ಫಾರ್ಮುಲಾನೂ ಬಿಟ್ಟೋಯ್ತು, ಒಂದು ಮೆಂತ್ಯ ಕ್ಯಾಪ್ಸೂಲ್ ಇಲ್ದೆ.

ಮೆಂತ್ಯ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಕೆಲವು ಚಿಕ್ಕ ಅಧ್ಯಯನಗಳಲ್ಲಿ ಹಾಲು ಸ್ವಲ್ಪ ಹೆಚ್ಚಾಗಿದೆ. ಆದ್ರೆ 2020ರಲ್ಲಿ ಕೊಕ್ರೇನ್ ಸಂಸ್ಥೆಯವರು ಹಾಲು ಹೆಚ್ಚಿಸೋ ಮಾತ್ರೆ, ಮೂಲಿಕೆಗಳ ಮೇಲಿನ 41 ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಮೂಲಿಕೆಗಳಿಂದ ಪ್ರಯೋಜನ ಇರ್ಬಹುದು, ಆದ್ರೆ ಎಷ್ಟು ಅಂತ ಭರವಸೆಯಿಂದ ಹೇಳೋಕಾಗಲ್ಲ, ಪುರಾವೆ ತುಂಬಾ ದುರ್ಬಲ ಅಂತ ಬಂತು. ಶತಾವರಿಗೂ ಹೆಚ್ಚುಕಮ್ಮಿ ಇದೇ ಮಾತು. ಇನ್ನೊಂದು ವಿಷ್ಯ, ಹೆರಿಗೆಯಾದ ಮೊದಲ ವಾರದಲ್ಲಿ ಹಾಲು ತಾನಾಗೇ ಏರುತ್ತೆ, ಆ ಹೊತ್ತಲ್ಲಿ ಏನು ತಗೊಂಡ್ರೂ ಅದರಿಂದಾನೇ ಏರ್ತು ಅನ್ಸುತ್ತೆ.

ಟೀ ಬಗ್ಗೆನೂ ಹೇಳ್ಬೇಕು. 1994ರಲ್ಲಿ ಇಟಲಿಯ ವೈದ್ಯರು ಎರಡು ನವಜಾತ ಶಿಶುಗಳ ಬಗ್ಗೆ ವರದಿ ಮಾಡಿದ್ರು, ಇಬ್ರ ತಾಯಂದಿರೂ ಹಾಲು ಹೆಚ್ಚಾಗ್ಲಿ ಅಂತ ಅತಿಮಧುರ, ಸೋಂಪು, ಇನ್ನೂ ಕೆಲವು ಮೂಲಿಕೆ ಸೇರಿಸಿದ ಟೀಯನ್ನ ದಿನಕ್ಕೆ ಎರಡು ಲೀಟರ್ ಮೇಲೆ ಕುಡಿತಿದ್ರು. ಮಕ್ಕಳು ಮಂಕಾಗಿದ್ವು, ವಾಂತಿ, ಚೀಪೋಕೂ ಆಗ್ತಿರ್ಲಿಲ್ಲ, ಟೀ ನಿಲ್ಲಿಸಿದ್ಮೇಲೆ ಸರಿಹೋದ್ವು. ಎಷ್ಟು ಬೇಕಾದ್ರೂ ಕುಡಿ ಅಂತ ಯಾರಾದ್ರೂ ಅಂದ್ರೆ ಅಲ್ಲೇ ಬೇಡ ಅನ್ನಿ.

ಕೆಲವರು ಡಾಕ್ಟರ್‌ನ ಕೇಳದೆ ಮೆಂತ್ಯದ ಕ್ಯಾಪ್ಸೂಲ್ ಮುಟ್ಟಲೇಬಾರದು. ಅದು ಸಕ್ಕರೆ ಇಳಿಸುತ್ತೆ, ಆದ್ರಿಂದ ಡಯಾಬಿಟಿಸ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರಿಗೆ ತಲೆ ಸುತ್ತಿ ಬೀಳೋಷ್ಟು ಸಕ್ಕರೆ ಇಳೀಬಹುದು. ವಾರ್ಫರಿನ್ ಥರ ರಕ್ತ ತೆಳು ಮಾಡೋ ಮಾತ್ರೆ ಇದ್ರೆ ರಕ್ತಸ್ರಾವದ ಭಯ. ಕಡಲೆಕಾಯಿ, ಕಡಲೆ ಅಲರ್ಜಿ ಇರೋರಿಗೆ ಮೆಂತ್ಯನೂ ಅದೇ ಕುಟುಂಬದ್ದು, ಮೈಯೆಲ್ಲ ಗಂಧೆ ಏಳ್ಬಹುದು, ಉಸಿರು ಕಟ್ಬಹುದು. ಅಸ್ತಮಾ ಇರೋರೂ ಹುಷಾರು. ಮತ್ತೆ ಬಸುರಾಗಿರೋ ಅನುಮಾನ ಇದ್ರಂತೂ ಬೇಡವೇ ಬೇಡ, ಗರ್ಭಕೋಶ ಸೆಳೆಯೋಕೆ ಶುರುವಾಗೋ ಸಾಧ್ಯತೆ ಇದೆ.

ಲ್ಯಾಚ್ ಚೆನ್ನಾಗಿದ್ದು, ಆಗಾಗ ಕುಡಿಸ್ತಾ ಇದ್ದೂ ತೂಕ ಏರ್ತಿಲ್ಲ ಅಂದ್ರೆ ತಾಯಿಗೂ ಪರೀಕ್ಷೆ ಆಗ್ಬೇಕು. ಥೈರಾಯ್ಡ್, ಪಿಸಿಒಎಸ್, ಹೆರಿಗೇಲಿ ಜಾಸ್ತಿ ರಕ್ತ ಹೋಗಿದ್ದು, ಮಾಸಿನ ಚೂರು ಗರ್ಭಕೋಶದಲ್ಲೇ ಉಳಿದಿರೋದು, ಎದೆಗೆ ಆಗಿರೋ ಆಪರೇಷನ್, ಈಸ್ಟ್ರೋಜನ್ ಇರೋ ಗರ್ಭನಿರೋಧಕ ಮಾತ್ರೆ, ಇವೆಲ್ಲ ಹಾಲು ಕಮ್ಮಿ ಮಾಡ್ಬಹುದು, ಕಾರಣ ಯಾವ್ದು ಅನ್ನೋದರ ಮೇಲೆ ಏನು ಮಾಡ್ಬೇಕು ಅನ್ನೋದು ಬೇರೆ ಬೇರೆ.

ಈಗಾಗ್ಲೇ ಕ್ಯಾಪ್ಸೂಲ್ ತಗೊಳ್ತಿರೋರು ಡಬ್ಬಿ, ಟೀ ಪ್ಯಾಕೆಟ್ ಎರಡನ್ನೂ ಬ್ಯಾಗಲ್ಲಿ ಹಾಕ್ಕೊಂಡೇ ಮಕ್ಕಳ ಡಾಕ್ಟರ್ ಹತ್ರ ಹೋಗಿ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವತ್ತಿಂದ ಅನ್ನೋದನ್ನ ಅವ್ರು ಕೇಳದೇ ಇದ್ರೂ ನೀವೇ ಹೇಳಿ, ಮಗೂನ ಅದೇ ದಿನ ತೂಗಿಸಿ.