ಕನ್ನಡಿಯೊಳಗೆ ಯಾರ ಮನೆಯ ಮರ? ಒಳಾಂಗಣ ರೆಂಡರ್‌ಗೆ ಐದು ವರ್ಷ ಬ್ಲೆಂಡರ್ ಬಳಸಿದ ಮೇಲೆ

2020ರಲ್ಲಿ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನ 2.83 ಆವೃತ್ತಿ ಬಂದಾಗ ಶುರು ಮಾಡಿದವನು ನಾನು. ಫ್ಲ್ಯಾಟ್‌ಗಳ ಒಳಾಂಗಣ ವಿನ್ಯಾಸ ಮಾಡುವವರಿಗೆ ರೆಂಡರ್, ಅಂದರೆ ರೂಮು ಹೇಗೆ ಕಾಣುತ್ತದೆ ಅನ್ನುವ ಕಂಪ್ಯೂಟರ್ ಚಿತ್ರ, ಮಾಡಿಕೊಡುವುದು ನನ್ನ ಕೆಲಸ. ಬೆಡ್‌ರೂಮ್, ಹಾಲ್, ಅಡುಗೆಮನೆ, ಹೆಚ್ಚೆಂದರೆ ಒಂದು ಪೂಜಾ ಕೋಣೆ. ಬ್ಲೆಂಡರ್ ಉಚಿತ, ಚೆನ್ನಾಗಿದೆ ಎನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಕನ್ನಡಿ ಮತ್ತು ಹೊಳೆಯುವ ನೆಲದ ವಿಷಯದಲ್ಲಿ ಅದು ಹೇಗೆ, ಎಲ್ಲಿ ನಾವೇ ಎಡವುತ್ತೇವೆ ಅನ್ನುವುದಷ್ಟೇ ಇಲ್ಲಿದೆ.

ಮೊದಲು ನನ್ನ ಮಾನ ಹೋದ ಕಥೆ. 12 ಅಡಿ ಉದ್ದ, 10 ಅಡಿ ಅಗಲದ ಬೆಡ್‌ರೂಮ್. 10 ಅಡಿಯ ಗೋಡೆಗೆ ಮೂರು ಬಾಗಿಲಿನ ವಾರ್ಡ್‌ರೋಬ್. ಒಂದೊಂದು ಬಾಗಿಲು 3 ಅಡಿ, ಮಧ್ಯದ್ದಕ್ಕೆ ಪೂರ್ತಿ ಕನ್ನಡಿ. ವಾರ್ಡ್‌ರೋಬ್‌ನ ಆಳ 2 ಅಡಿ, ಹಾಗಾಗಿ ಕನ್ನಡಿಯಿಂದ ಎದುರು ಗೋಡೆಗೆ ಉಳಿದದ್ದು 10 ಅಡಿ. ಅಷ್ಟು ಜಾಗದಲ್ಲಿ ಕ್ಯಾಮೆರಾ ಇಟ್ಟರೆ ರೂಮು ಪೂರ್ತಿ ಸಿಗುವುದಿಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಎದುರು ಗೋಡೆಯನ್ನು ಅಳಿಸಿ ಕ್ಯಾಮೆರಾವನ್ನು 2 ಅಡಿ ಹಿಂದಕ್ಕೆ ಎಳೆದೆ. ಬೆಳಕಿಗೆ ಹೊರಗೆ ಒಂದು ತೋಟದ ಎಚ್‌ಡಿಆರ್‌ಐ, ಅಂದರೆ ಸುತ್ತಲೂ ಹಿನ್ನೆಲೆಯಾಗಿ ನಿಂತು ಬೆಳಕೂ ಕೊಡುವ ಫೋಟೋ, ಇತ್ತು. ಚಿತ್ರ ಬಹಳ ಚೆನ್ನಾಗಿ ಬಂತು. ತೋರಿಸಿದೆ. ಮನೆಯವರು ಖುಷಿಯಾಗಿದ್ದರು. ಅವರ ಅತ್ತೆ ಮಾತ್ರ ಕನ್ನಡಕ ಮೇಲೆ ಮಾಡಿ ಕೇಳಿದರು: “ಕನ್ನಡೀಲಿ ಮರ ಕಾಣ್ತಿದೆಯಲ್ಲಪ್ಪ, ಅದು ಯಾರ ಮನೇದು?”

ನಿಜವಾಗಿ ಅಲ್ಲಿ ಕಾಣಬೇಕಾಗಿದ್ದದ್ದು ಬಾತ್‌ರೂಮ್ ಬಾಗಿಲು. ನಾನು ಅಳಿಸಿದ ಗೋಡೆಯಲ್ಲೇ ಅದಿತ್ತು. ಬ್ಲೆಂಡರ್ ಒಳಗಿನ ಸೈಕಲ್ಸ್ ಬೆಳಕಿನ ಕಿರಣವನ್ನು ಹಿಂಬಾಲಿಸಿಕೊಂಡು ಹೋಗುವ ರೆಂಡರರ್. ಕನ್ನಡಿಗೆ ತಾಗಿದ ಕಿರಣ ಹಿಂದಕ್ಕೆ ತಿರುಗಿತು, ಗೋಡೆ ಸಿಗಲಿಲ್ಲ, ನೇರವಾಗಿ ತೋಟಕ್ಕೆ ಹೋಯಿತು. ಅದರ ತಪ್ಪೇನಿಲ್ಲ. ಗೋಡೆ ಇಲ್ಲದ್ದರಿಂದ ರೂಮಿನೊಳಗೆ ಬೆಳಕೂ ಜಾಸ್ತಿ ನುಗ್ಗಿತ್ತು. ಅಂದರೆ ಆ ಚಿತ್ರದಲ್ಲಿ ಎರಡು ಸುಳ್ಳು.

ಇದಕ್ಕೆ ಪರಿಹಾರ ಬ್ಲೆಂಡರ್‌ನಲ್ಲೇ ಇದೆ, ಆದರೆ ಮೂಲೆಯಲ್ಲಿ ಅಡಗಿದೆ. ಗೋಡೆಯನ್ನು ಅಳಿಸಬೇಡಿ. ಅದನ್ನು ಆಯ್ಕೆ ಮಾಡಿ, ಆಬ್ಜೆಕ್ಟ್ ಗುಣಗಳ ಟ್ಯಾಬ್‌ನಲ್ಲಿ `Visibility` ತೆರೆಯಿರಿ. ಅದರೊಳಗೆ `Ray Visibility` ಇದೆ. ಅಲ್ಲಿ `Camera` ಎದುರಿನ ಟಿಕ್ ಮಾತ್ರ ತೆಗೆಯಿರಿ, ಉಳಿದವು ಹಾಗೇ ಇರಲಿ. ಈಗ ಕ್ಯಾಮೆರಾಗೆ ಗೋಡೆ ಕಾಣುವುದಿಲ್ಲ, ಕನ್ನಡಿಗೆ ಕಾಣುತ್ತದೆ. ಹೊರಗಿನ ಬೆಳಕನ್ನೂ ಅದು ತಡೆಯುತ್ತದೆ. ಇದಕ್ಕೆ ಆ ಗೋಡೆ ಬೇರೆ ಆಬ್ಜೆಕ್ಟ್ ಆಗಿರಬೇಕು. ನಾಲ್ಕು ಗೋಡೆಯೂ ಒಂದೇ ಮೆಶ್ ಆಗಿದ್ದರೆ ಎಡಿಟ್ ಮೋಡ್‌ನಲ್ಲಿ ಆ ಭಾಗವನ್ನು ಆರಿಸಿ `P` ಒತ್ತಿ ಬೇರೆ ಮಾಡಿಕೊಳ್ಳಿ. ಗೋಡೆಯಲ್ಲಿರುವ ಬಾಗಿಲು, ಚೌಕಟ್ಟು, ಸ್ವಿಚ್ ಬೋರ್ಡ್‌ಗೂ ಇದೇ ಟಿಕ್ ತೆಗೆಯಬೇಕು. ಒಮ್ಮೆ ಗೋಡೆಗೆ ಮಾತ್ರ ತೆಗೆದು ಬಾಗಿಲನ್ನು ಮರೆತಿದ್ದೆ. ಕ್ಯಾಮೆರಾ ಮುಂದೆ ಬಾಗಿಲು ಒಂದೇ ಗಾಳಿಯಲ್ಲಿ ನಿಂತಿತ್ತು.

ಕ್ಯಾಮೆರಾದ `Clip Start` ಹೆಚ್ಚಿಸಿದರೂ ಇದೇ ಫಲ ಸಿಗುತ್ತದೆ. ಕ್ಯಾಮೆರಾದಿಂದ ಅಷ್ಟು ದೂರದವರೆಗೆ ಇರುವುದೆಲ್ಲ ಕತ್ತರಿಸಿ ಹೋಗುತ್ತದೆ, ಕನ್ನಡಿಯ ಕಿರಣಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ಮಂಚದ ಮೂಲೆ ಹತ್ತಿರ ಇದ್ದರೆ ಅದೂ ಕತ್ತರಿಸಿ ಹೋಗುತ್ತದೆ. ನನಗೆ ಟಿಕ್ ತೆಗೆಯುವುದೇ ವಾಸಿ ಅನ್ನಿಸುತ್ತದೆ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಗೋಡೆ ವಾಪಸ್ ಬಂದ ಮೇಲೆ ಕನ್ನಡಿಯಲ್ಲಿ ಬಾತ್‌ರೂಮ್ ಬಾಗಿಲು ಕಾಣಿಸಿತು. “ಅಯ್ಯೋ, ಬೆಳಗ್ಗೆ ಕಣ್ಣು ಬಿಟ್ಟರೆ ಕನ್ನಡೀಲಿ ಇದೇ ಕಾಣಬೇಕಾ ಸರ್? ಕನ್ನಡೀನ ಪಕ್ಕದ ಬಾಗಿಲಿಗೆ ಹಾಕಿ” ಅಂದರು ಮೇಡಂ. ಸುಮ್ನೆ ಕನ್ನಡಿಯನ್ನು ಎಡ ಬಾಗಿಲಿಗೆ ಸರಿಸಿ ರೆಂಡರ್ ಒತ್ತಬಹುದಿತ್ತು. ಪುಣ್ಯಕ್ಕೆ ಅವತ್ತು ಒಂದು ಹಾಳೆಯಲ್ಲಿ ಪ್ಲಾನ್ ಬಿಡಿಸಿದೆ.

ಲೆಕ್ಕ ಶಾಲೆಯದ್ದೇ. ನೋಡುವವರು ಕನ್ನಡಿಯಿಂದ ಎಷ್ಟು ದೂರ ಇದ್ದಾರೋ, ಕನ್ನಡಿಯ ಹಿಂದೆ ಅಷ್ಟೇ ದೂರಕ್ಕೆ ಒಂದು ಚುಕ್ಕಿ ಇಡಿ. ಆ ಚುಕ್ಕಿಯಿಂದ ಕನ್ನಡಿಯ ಎರಡು ಅಂಚುಗಳನ್ನು ಹಾದು ಎರಡು ಗೆರೆ ಎಳೆಯಿರಿ. ಗೆರೆಗಳ ನಡುವೆ ಬಿದ್ದದ್ದು ಮಾತ್ರ ಕನ್ನಡಿಯಲ್ಲಿ ಕಾಣುತ್ತದೆ. ನನ್ನ ಕ್ಯಾಮೆರಾ ಕನ್ನಡಿಯಿಂದ 12 ಅಡಿ ದೂರದಲ್ಲಿತ್ತು, ರೂಮಿನ ನಡುಗೆರೆಯಿಂದ 2 ಅಡಿ ಎಡಕ್ಕೆ. (ಇಲ್ಲಿ ಎಡ, ಬಲ ಎಲ್ಲವೂ ವಾರ್ಡ್‌ರೋಬ್ ಕಡೆ ಮುಖ ಮಾಡಿ ನಿಂತವರ ಲೆಕ್ಕದಲ್ಲಿ.) ಮಧ್ಯದ ಕನ್ನಡಿಯಲ್ಲಿ ಎದುರು ಗೋಡೆಯ ಐದೂವರೆ ಅಡಿ ಕಾಣುತ್ತದೆ: 3 ಅಡಿ ಕನ್ನಡಿಯನ್ನು 22ರಿಂದ, ಅಂದರೆ ಚುಕ್ಕಿಯಿಂದ ಕನ್ನಡಿಗೆ 12, ಅಲ್ಲಿಂದ ಎದುರು ಗೋಡೆಗೆ 10, ಗುಣಿಸಿ 12ರಿಂದ ಭಾಗಿಸಿದರೆ ಬರುವುದು ಅಷ್ಟು. ಆ ಪಟ್ಟಿ ನಡುಗೆರೆಯ 1 ಅಡಿ ಎಡದಿಂದ ಸುಮಾರು ನಾಲ್ಕೂವರೆ ಅಡಿ ಬಲದವರೆಗೆ. ಬಾತ್‌ರೂಮ್ ಬಾಗಿಲು ಒಂದೂವರೆಯಿಂದ 4 ಅಡಿ ಬಲಕ್ಕಿದೆ. ಪೂರ್ತಿ ಕಾಣಲೇಬೇಕು, ಕಂಡಿತು.

ಕನ್ನಡಿಯನ್ನು ಎಡ ಬಾಗಿಲಿಗೆ ಹಾಕಿದರೆ ಕ್ಯಾಮೆರಾಗೆ ಬಾತ್‌ರೂಮ್ ಬಾಗಿಲು ಕಾಣುವುದಿಲ್ಲ. ರೆಂಡರ್ ನೋಡಿ ಎಲ್ಲರೂ ಸರಿ ಅನ್ನುತ್ತಿದ್ದರು. ಆದರೆ ಮೇಡಂ ಕಣ್ಣು ಬಿಡುವುದು ಗೋಡೆಯ ಹಿಂದೆ ಅಲ್ಲ, ಮಂಚದ ಮೇಲೆ ಅಲ್ವಾ? ಮಂಚದ ತಲೆಭಾಗ ಎಡಗೋಡೆಗಿದೆ. ಎದ್ದು ಕೂತರೆ ಅವರ ಕಣ್ಣು ಕನ್ನಡಿಯಿಂದ 5 ಅಡಿ ದೂರ, ನಡುಗೆರೆಯಿಂದ 4 ಅಡಿ ಎಡಕ್ಕೆ. ಅಲ್ಲಿಂದ ಗೆರೆ ಎಳೆದು ನೋಡಿದರೆ ಎಡ ಬಾಗಿಲಿನ ಕನ್ನಡಿಯಲ್ಲಿ ಮೂರೂವರೆ ಅಡಿ ಬಲದವರೆಗೂ ಕಾಣುತ್ತದೆ. ಅಂದರೆ ಬಾತ್‌ರೂಮ್ ಬಾಗಿಲಿನ ಹೆಚ್ಚು ಭಾಗ. ಮಧ್ಯದಲ್ಲೇ ಬಿಟ್ಟಿದ್ದರೆ ಮಂಚದಿಂದ ಅರ್ಧ ಅಡಿ ಮಾತ್ರ ಕಾಣುತ್ತಿತ್ತು. ರೆಂಡರ್‌ನಲ್ಲಿ ಒಳ್ಳೆಯದಾಗಿ ಕಂಡ ಬದಲಾವಣೆ ಮನೆಯಲ್ಲಿ ಕೆಟ್ಟದ್ದಾಗುತ್ತಿತ್ತು.

ಬಲ ಬಾಗಿಲಿಗೆ ಹಾಕಿ ನೋಡಿದೆ. ಮಂಚದಿಂದ ಎದುರು ಗೋಡೆಯೇ ಕಾಣುವುದಿಲ್ಲ, ಬಲಗೋಡೆಯ ಕಿಟಕಿ ಕಾಣುತ್ತದೆ. ಕ್ಯಾಮೆರಾದಿಂದಲೂ ಬಾಗಿಲು ಕಾಣುವುದಿಲ್ಲ. ಅದನ್ನೇ ಮಾಡಿಸಿದೆವು. ಅವತ್ತಿನಿಂದ ಕನ್ನಡಿ ಇರುವ ಪ್ರತಿ ರೂಮಿಗೂ ಎರಡನೇ ಕ್ಯಾಮೆರಾ ಇಡುತ್ತೇನೆ, ಜನ ನಿಜವಾಗಿ ಕೂರುವ, ಮಲಗುವ ಜಾಗದಲ್ಲಿ. ಆ ಚಿತ್ರ ಚೆನ್ನಾಗಿರುವುದಿಲ್ಲ, ಮುಖಕ್ಕೆ ವಾರ್ಡ್‌ರೋಬ್ ಬಡಿದ ಹಾಗಿರುತ್ತದೆ. ಚಿಕ್ಕದಾಗಿ ರೆಂಡರ್ ಮಾಡಿ ಮೊದಲ ಚಿತ್ರದ ಜೊತೆ ಕಳಿಸುತ್ತೇನೆ.

ಇನ್ನು ನೆಲ. ಅದೇ ಮನೆಯ ಹಾಲ್‌ಗೆ 2x4 ಅಡಿಯ ಗ್ಲಾಸಿ ವಿಟ್ರಿಫೈಡ್ ಟೈಲ್ಸ್. ಹೊಳಪು ಬೇಕು ಅಂತ ಹೊಸಬರು `Metallic` ಅನ್ನು 1ಕ್ಕೆ ಏರಿಸುತ್ತಾರೆ, ನಾನೂ ಏರಿಸಿದ್ದೆ. ಆಗ ಕಾಲಡಿಯ ಟೈಲ್ ಕೂಡ ಕನ್ನಡಿಯಾಗುತ್ತದೆ. ನಿಜವಾದ ಟೈಲ್ ಹಾಗಲ್ಲ. ನೇರ ಕೆಳಗೆ ನೋಡಿದರೆ ಅದು ನೂರರಲ್ಲಿ ನಾಲ್ಕರಷ್ಟು ಬೆಳಕನ್ನು ಮಾತ್ರ ಪ್ರತಿಫಲಿಸುತ್ತದೆ. ದೂರದಲ್ಲಿ, ಓರೆಯಾಗಿ ನೋಡುವ ಕಡೆ ಪ್ರತಿಬಿಂಬ ಗಟ್ಟಿಯಾಗುತ್ತಾ ಹೋಗುತ್ತದೆ. `Metallic` 0, `IOR` 1.5 ಇಟ್ಟರೆ ಬ್ಲೆಂಡರ್ ಇದನ್ನು ತಾನೇ ನೋಡಿಕೊಳ್ಳುತ್ತದೆ. `Roughness` ಅನ್ನು ನಾನು 0.05ರಿಂದ 0.1ರ ನಡುವೆ ಇಡುತ್ತೇನೆ. ಟೈಲ್‌ಗಳನ್ನು ಬೇರೆ ಬೇರೆ ಮಾಡಿ ಕೂದಲೆಳೆಯಷ್ಟು ಓರೆ ಮಾಡಿದರೆ ಪ್ರತಿಬಿಂಬ ಜಾಯಿಂಟ್‌ನಲ್ಲಿ ಸ್ವಲ್ಪ ಮುರಿಯುತ್ತದೆ. ನಮ್ಮ ಮೇಸ್ತ್ರಿಗಳು ಹಾಕಿದ ನೆಲ ಹಾಗೇ ಇರುವುದು!

ನೆಲ ತೋರಿಸುವುದು ಸೀಲಿಂಗನ್ನು. ಮೇಲಿನಿಂದ ಕೆಲಸ ಮಾಡಲು ಸುಲಭ ಅಂತ ಸೀಲಿಂಗ್ ತೆಗೆದು ಹಾಗೇ ರೆಂಡರ್ ಮಾಡಿದರೆ ಹಾಲ್‌ನ ದೂರದ ತುದಿಯಲ್ಲಿ ನೆಲ ನೀಲಿಯಾಗುತ್ತದೆ. ಆಕಾಶ ಬಿದ್ದಿರುತ್ತದೆ. ಚಿತ್ರದಲ್ಲಿ ಸೀಲಿಂಗ್ ಇಲ್ಲದಿದ್ದರೂ ಮಾಡೆಲ್‌ನಲ್ಲಿ ಇರಬೇಕು, ಫಾಲ್ಸ್ ಸೀಲಿಂಗ್‌ನ ದೀಪಗಳ ಸಮೇತ. ಇನ್ನೊಂದು ಕಡೆ ಉಲ್ಟಾ ತೊಂದರೆ: ಬೆಳಕು ಸಾಲದು ಅಂತ ಕ್ಯಾಮೆರಾ ಹಿಂದೆ ಇಟ್ಟ ಏರಿಯಾ ಲೈಟ್ ನೆಲದ ಮೇಲೆ ಬಿಳಿ ಚೌಕವಾಗಿ ಕಾಣುತ್ತದೆ. ನೋಡಿದವರು ಅಲ್ಲೊಂದು ದೊಡ್ಡ ಕಿಟಕಿ ಇದೆ ಅಂದುಕೊಳ್ಳುತ್ತಾರೆ. ಆ ಲೈಟ್‌ಗೆ `Ray Visibility`ಯಲ್ಲಿ `Glossy` ಟಿಕ್ ತೆಗೆಯಿರಿ. ಬೆಳಕು ಉಳಿಯುತ್ತದೆ, ಚೌಕ ಹೋಗುತ್ತದೆ. ಲೈಟ್‌ಗೆ ಮಾತ್ರ ಹೀಗೆ ಮಾಡಿ. ಕನ್ನಡಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಬೀರುವಿಗೆ `Glossy` ತೆಗೆಯುವವರನ್ನು ನೋಡಿದ್ದೇನೆ. ಅದು ಗಿರಾಕಿಗೆ ಟೋಪಿ ಹಾಕಿದ ಹಾಗೆ.

ಸೋಫಾ ನೆಲಕ್ಕೆ ತಾಗಿದೆಯೋ ಇಲ್ಲವೋ ಅನ್ನುವುದನ್ನೂ ಪ್ರತಿಬಿಂಬ ಹೇಳಿಬಿಡುತ್ತದೆ. ಕಾಲು 5 ಮಿಲಿಮೀಟರ್ ಮೇಲಿದ್ದರೆ ಕಾಲಿಗೂ ಅದರ ಬಿಂಬಕ್ಕೂ ನಡುವೆ 10 ಮಿಲಿಮೀಟರ್ ಸಂದು.

ಬ್ಲೆಂಡರ್ ಬಗ್ಗೆ ನನ್ನ ದೂರು ಎರಡು. ಒಂದು, ಈ ಟಿಕ್‌ಗಳೆಲ್ಲ ಒಂದೊಂದು ಆಬ್ಜೆಕ್ಟ್ ಒಳಗೆ ಹುದುಗಿರುತ್ತವೆ. ಆರು ತಿಂಗಳ ಹಿಂದಿನ ಫೈಲ್ ತೆರೆದರೆ ಯಾವುದಕ್ಕೆ ಏನು ತೆಗೆದಿದ್ದೆ ಅಂತ ನೆನಪಿರುವುದಿಲ್ಲ. ಅದಕ್ಕೆ ಫೈನಲ್ ರೆಂಡರ್‌ಗೆ ಮೊದಲು ಇದನ್ನು ಓಡಿಸುತ್ತೇನೆ. ಕನ್ನಡಿಗೆ ಕಾಣದಂತೆ ಮಾಡಿಟ್ಟ ವಸ್ತುಗಳ ಹೆಸರು ಕನ್ಸೋಲ್‌ನಲ್ಲಿ ಬರುತ್ತದೆ:

```python
import bpy
for o in bpy.data.objects:
    if o.hide_render or not o.visible_glossy:
        print(o.type, o.name)
```

ಪಟ್ಟಿಯಲ್ಲಿ ಲೈಟ್ ಬಿಟ್ಟು ಗೋಡೆಯೋ ಸೀಲಿಂಗೋ ಕಂಡರೆ ಮೊದಲು ಅದನ್ನು ಸರಿ ಮಾಡುತ್ತೇನೆ. ಅಳಿಸಿಯೇ ಬಿಟ್ಟದ್ದು ಇದರಲ್ಲಿ ಬರುವುದಿಲ್ಲ, ಅದು ನೆನಪಿರಲಿ.

ಎರಡನೆಯದು ಈವೀ, ಬ್ಲೆಂಡರ್‌ನ ಇನ್ನೊಂದು ರೆಂಡರರ್. ಬೇಗ ಆಗುತ್ತದೆ, ಗಿರಾಕಿ ಎದುರು ಕೂತಾಗ ಅನುಕೂಲ. ಆದರೆ ಅದರ ಪ್ರತಿಬಿಂಬ ತೆರೆಯ ಮೇಲೆ ಕಾಣುವುದನ್ನೇ ಮರುಬಳಸುತ್ತದೆ. ಕನ್ನಡಿಯಲ್ಲಿ ಕಾಣಬೇಕಾದ ಎದುರು ಗೋಡೆ ಕ್ಯಾಮೆರಾಗೆ ಕಾಣುವುದಿಲ್ಲ, ತೆರೆಯ ಮೇಲಿಲ್ಲ. ಹಾಗಾಗಿ ಏನೋ ಒಂದು ಬಣ್ಣ ತುಂಬುತ್ತದೆ. 2024ರ 4.2ರಲ್ಲಿ ಈವೀಯನ್ನು ಹೊಸದಾಗಿ ಬರೆದ ಮೇಲೂ ಈ ಮಿತಿ ಹೋಗಿಲ್ಲ. ಕನ್ನಡಿಯ ಮೇಲೆ `Plane` ಲೈಟ್ ಪ್ರೋಬ್ ಇಟ್ಟರೆ ಒಂದು ಚಪ್ಪಟೆ ಕನ್ನಡಿಗೆ ಕೆಲಸ ನಡೆಯುತ್ತದೆ. ನಾನು ಬಣ್ಣ, ಲ್ಯಾಮಿನೇಟ್ ಆರಿಸುವವರೆಗೆ ಈವೀ ಬಳಸುತ್ತೇನೆ. ಕನ್ನಡಿ ಎಲ್ಲಿರಬೇಕು ಅನ್ನುವ ಮಾತು ಬಂದರೆ ಸೈಕಲ್ಸ್.

ಸೈಕಲ್ಸ್‌ನಲ್ಲೂ ಎದುರುಬದುರು ಕನ್ನಡಿ ಇದ್ದರೆ ಒಳಗೆ ಹೋದಂತೆ ಕಪ್ಪಾಗುತ್ತದೆ. `Light Paths`ನಲ್ಲಿ `Glossy` ಮೊದಲಿಂದ 4 ಇರುತ್ತದೆ. 8 ಮಾಡಿ, ಸಾಕು.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಅಂದ ಹಾಗೆ ಆ ಅತ್ತೆ ಗೃಹಪ್ರವೇಶದ ದಿನ ಮಂಚದ ಮೇಲೆ ಕೂತು ಕನ್ನಡಿ ನೋಡಿದರು. ಕಿಟಕಿಯಾಚೆ ಪಕ್ಕದ ಮನೆಯ ತೆಂಗಿನಮರ ಅದರಲ್ಲಿ ಕಾಣುತ್ತಿತ್ತು. “ಇದು ನಿಜವಾದ್ದೇ ತಾನೇ?” ಅಂತ ನನ್ನನ್ನು ಕೇಳಿದರು.