ಕಪ್ಪು ತಟ್ಟೆಯೋ ಬಿಳಿ ತಟ್ಟೆಯೋ: ಒಂದೇ ಊಟ ಎರಡರಲ್ಲೂ ಬಡಿಸಿ ನೋಡಿದೆ

ಅಡುಗೆ ಕಲಿಯಲು ಸೇರಿದ ಎರಡನೇ ತಿಂಗಳಲ್ಲಿ ಆರು ಕಪ್ಪು ತಟ್ಟೆ ಕೊಂಡೆ. ಹೊಳಪಿಲ್ಲದ ಮ್ಯಾಟ್ ಮೈ, ಅಂಚು ಅನ್ನೋದೇ ಇಲ್ಲ, ಬದಿ ಮಾತ್ರ ಸ್ವಲ್ಪ ಮೇಲಕ್ಕೆ ಬಾಗಿದೆ. ಫೋಟೋ ನೋಡಿ ಮರುಳಾಗಿದ್ದೆ. ಈಗ ಅವು ಕಪಾಟಿನ ಮೇಲಿನ ಹಲಗೆಯಲ್ಲಿ ಕೂತಿವೆ. ದಿನಾ ಕೈಗೆ ಬರೋದು ಆಮೇಲೆ ತಂದ ಬಿಳಿ ತಟ್ಟೆ: ನಡುವೆ ತಗ್ಗು, ಸುತ್ತ ಅಗಲವಾದ ಅಂಚು.

ಹೋಲಿಸಲು ಒಂದೇ ಊಟವನ್ನು ಎರಡರಲ್ಲೂ ಬಡಿಸಿದೆ. ಬೆಂದ ಅನ್ನ 150 ಗ್ರಾಂ, ಟೊಮೆಟೊ ಹಾಕಿದ ಗ್ರೇವಿ ಎರಡು ಸೌಟು (ನನ್ನ ಸೌಟಿಗೆ 60 ಮಿ.ಲೀ. ಹಿಡಿಯುತ್ತದೆ), ಜೊತೆಗೆ ಒಂದು ಹಿಡಿ ಬೀನ್ಸ್.

ಬಣ್ಣದಲ್ಲಿ ಕಪ್ಪು ತಟ್ಟೆಯೇ ಗೆದ್ದಿತು, ಸುಳ್ಳು ಹೇಳಲ್ಲ. ಅದರ ಮೇಲೆ ಬಿಳಿ ಅನ್ನ ಎದ್ದು ಕಾಣುತ್ತದೆ. ಬಿಳಿ ತಟ್ಟೆಯಲ್ಲಿ ಅದೇ ಅನ್ನ ಕರಗಿಹೋದ ಹಾಗಿರುತ್ತದೆ. ಅದಕ್ಕೆ ಕ್ರಮ ತಿರುಗಿಸಿದೆ. ಮೊದಲು ಗ್ರೇವಿ, ಅದರ ಮೇಲೆ ಅನ್ನ, ಅನ್ನಕ್ಕೆ ಒರಗಿಸಿ ಬೀನ್ಸ್. ಬೀನ್ಸನ್ನು ಉಪ್ಪು ನೀರಿನಲ್ಲಿ ಮುಚ್ಚಳ ಹಾಕದೆ ಮೂರ್ನಾಲ್ಕು ನಿಮಿಷ ಬೇಯಿಸಿ, ತಣ್ಣೀರಿಗೆ ಹಾಕಿ ತೆಗೆದಿಡುತ್ತೇನೆ. ಕೊನೆಗಳಿಗೆಯಲ್ಲಿ ಬಾಣಲೆಯಲ್ಲಿ ಒಂದು ಸುತ್ತು ಬಿಸಿ ಮಾಡಿದರೆ ಸಾಕು. ಮೊದಲೇ ಬಿಸಿ ಗ್ರೇವಿಗೆ ಸೇರಿಸಿಟ್ಟರೆ ಟೊಮೆಟೊ ಹುಳಿಗೆ ಹಸಿರು ಮಂಕಾಗಿ ಕಂದು ತಿರುಗುತ್ತದೆ. ಆಗ ಯಾವ ತಟ್ಟೆಯೂ ಕಾಪಾಡಲ್ಲ.

ಎತ್ತರಕ್ಕೆ ಚಿಕ್ಕ ಬಟ್ಟಲು ಸಾಕು. ಒಳಗೆ ಎಣ್ಣೆ ಸವರಿ, ಬಿಸಿ ಅನ್ನ ತುಂಬಿ, ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ ಮಗುಚಬೇಕು. ಜೋರಾಗಿ ಒತ್ತಿದರೆ ಮುದ್ದೆಯಾಗುತ್ತದೆ, ಒತ್ತದೇ ಇದ್ದರೆ ಕುಸಿಯುತ್ತದೆ.

ಪ್ರಮಾಣದ್ದು ಒಂದೇ ಮಾತು: ಆ ದೊಡ್ಡ ಕಪ್ಪು ತಟ್ಟೆ ಖಾಲಿ ಖಾಲಿ ಕಂಡು, ಪ್ರತಿ ಸಲ ಕೈ ತಾನಾಗಿ ಇನ್ನೊಂದು ಸೌಟು ಹಾಕುತ್ತಿತ್ತು.

ನಿಜವಾದ ತಲೆನೋವು ಅಂಚಿನದು. ಬಿಳಿ ತಟ್ಟೆಯ ತಗ್ಗು ಸುಮಾರು 15 ಸೆಂ.ಮೀ. ಅಗಲ. ಎರಡು ಸೌಟು ಗ್ರೇವಿ ಅದರಲ್ಲಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಎತ್ತರಕ್ಕೆ ನಿಲ್ಲುತ್ತದೆ, ಅಲ್ಲೇ ಇರುತ್ತದೆ. ಕಪ್ಪು ತಟ್ಟೆಯಲ್ಲಿ ಅದನ್ನು ತಡೆಯುವ ಗೋಡೆಯೇ ಇಲ್ಲ. ನಡುವೆ ಹಾಕಿದ ಗ್ರೇವಿ ಎರಡು ಹೆಜ್ಜೆ ನಡೆಯುವಷ್ಟರಲ್ಲಿ ಬದಿಗೆ ಜಾರಿರುತ್ತಿತ್ತು. ಹಿಡಿಯುವುದಾದರೂ ಎಲ್ಲಿ? ಹೆಬ್ಬೆರಳು ಇಟ್ಟ ಜಾಗವೇ ಊಟದ ಜಾಗ.

ಮೊದಲು ತಪ್ಪು ತಟ್ಟೆಯದು ಅಂದುಕೊಂಡೆ. ಅರ್ಧ ತಪ್ಪು ನನ್ನ ಗ್ರೇವಿಯದು. ಒಂದು ಚಮಚ ಗ್ರೇವಿಯನ್ನು ಚಪ್ಪಟೆ ತಟ್ಟೆಗೆ ಹಾಕಿ ಒಂದು ನಿಮಿಷ ಬಿಟ್ಟೆ. ಸುತ್ತ ತೆಳ್ಳಗೆ ನೀರಿನ ಉಂಗುರ ಬಂತು. ಅಂದರೆ ಗ್ರೇವಿ ಇನ್ನೂ ನೀರು ಬಿಡುತ್ತಿದೆ, ಇನ್ನಷ್ಟು ಕುದಿಸಬೇಕು. ಕುದಿಸಿ ಮತ್ತೆ ನೋಡಿದಾಗ ಉಂಗುರ ಬರಲಿಲ್ಲ, ಓಟವೂ ಕಡಿಮೆಯಾಯಿತು. ಬೀನ್ಸನ್ನೂ ತಣ್ಣೀರಿನಿಂದ ತೆಗೆದು ಬಟ್ಟೆಯ ಮೇಲೆ ಒಣಗಿಸದಿದ್ದರೆ ಇದೇ ಕಥೆ.

ಆದರೆ ಒರೆಸುವ ಕಷ್ಟ ಹೋಗಲಿಲ್ಲ. ಬಿಳಿ ತಟ್ಟೆಯ ನುಣುಪು ಅಂಚಿಗೆ ಬಿಸಿ ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ನಾಲ್ಕಾಗಿ ಮಡಿಸಿದ ಬಟ್ಟೆ ಸಾಕು. ಜಿಡ್ಡಿದ್ದರೆ ನೀರಿಗೆ ಸ್ವಲ್ಪ ವಿನೆಗರ್. ಒಂದು ಸಲ ಒರೆಸಿದ ಮಡಿಕೆಯನ್ನು ತಿರುಗಿಸಿ ಹೊಸ ಮೈ ತರಬೇಕು, ಇಲ್ಲದಿದ್ದರೆ ತೆಗೆದ ಕೊಳೆಯನ್ನೇ ಮತ್ತೆ ಬಳಿದ ಹಾಗೆ. ಕಪ್ಪು ಮ್ಯಾಟ್ ಮೈಯಲ್ಲಿ ಇಷ್ಟೆಲ್ಲ ಮಾಡಿದರೂ ಎಣ್ಣೆ ಹೊಳೆಯುವ ಪಟ್ಟೆಯಾಗಿ ಉಳಿಯಿತು. ಇನ್ನೂ ಒದ್ದೆ ಮಾಡಿ ಒರೆಸಿದರೆ ಒಣಗಿದ ಮೇಲೆ ನೀರಿನ ಬೆಳ್ಳನೆ ಕಲೆ. ಕೊನೆಗೆ ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಇನ್ನೊಂದು ಸಲ ಅಂತ ರೂಢಿಯಾಯಿತು. ಅಷ್ಟರಲ್ಲಿ ಊಟ ಆರಿರುತ್ತದೆ. ತಟ್ಟೆ ಬೆಚ್ಚಗಿದ್ದರಂತೂ ಬಿದ್ದ ಹನಿ ಬೇಗ ಒಣಗಿ ಅಂಟುತ್ತದೆ, ಬಿದ್ದ ತಕ್ಷಣ ಒರೆಸಲೇಬೇಕು.

ನಾನು ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡುವವನು, ಜಾಸ್ತಿ ಮಾಡೋದೂ ಗ್ರೇವಿ ಇರುವ ಅಡುಗೆಯೇ. ಕೈಯಲ್ಲಿ ದುಡ್ಡೂ ಅಷ್ಟಕ್ಕಷ್ಟೇ. ಒಂದೇ ಥರ ತಟ್ಟೆ ಕೊಳ್ಳೋದಾದರೆ ಬಿಳಿಯದೇ. ಅದರಲ್ಲೂ ಎರಡು ಸಾಕಿತ್ತು, ಆರು ಸುಮ್ನೆ. ಕಪ್ಪು ತಟ್ಟೆಗಳು ದಂಡವೇನಲ್ಲ. ಹುರಿದ ತರಕಾರಿ, ಒಣ ಪದಾರ್ಥ ಇದ್ದ ದಿನ ಒಂದನ್ನು ಇಳಿಸುತ್ತೇನೆ, ಕೆಳಗೆ ಅಂಗೈ ಕೊಟ್ಟು ಹಿಡಿಯುತ್ತೇನೆ.